ಕಮೋಡ್ ಸೀಟಿನ ಬೋಲ್ಟು ತುಕ್ಕು ಹಿಡಿದು ನಟ್ಟಿನ ಜೊತೆಗೇ ಸುತ್ತುತ್ತಿದೆ, ಬಿಚ್ಚುವುದು ಹೇಗೆ?

ಸುಮಾ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು 2006ರಲ್ಲಿ ಕಟ್ಟಿದ ಮನೆ. ಆಗ ಹಾಕಿಸಿದ ವೆಸ್ಟರ್ನ್ ಕಮೋಡೇ ಈಗಲೂ ಇದೆ. ಪಿಂಗಾಣಿಗೆ ಏನೂ ಆಗಿಲ್ಲ, ಸೀಟ್ ಮಾತ್ರ ಹಾಳಾಗಿದೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಅವರು ಕೂತಾಗ ಸೀಟ್ ಒಂದು ಕಡೆಗೆ ಜಾರುತ್ತದೆ, ನನಗೆ ಭಯ. ಹೊಸ ಸೀಟ್ ತಂದಿಟ್ಟಿದ್ದೇನೆ, ಹಳೆಯದು ಬಿಚ್ಚಲು ಆಗುತ್ತಿಲ್ಲ.

ಎಡಗಡೆ ನಟ್ಟು ಸ್ವಲ್ಪ ಕಷ್ಟಪಟ್ಟ ಮೇಲೆ ಬಂತು. ಬಲಗಡೆಯದು ಪೂರ್ತಿ ತುಕ್ಕು. ಸ್ಪ್ಯಾನರ್ ಹಾಕಿ ಹಾಕಿ ನಟ್ಟಿನ ಮೂಲೆಗಳು ಸವೆದು ಗುಂಡಗಾಗಿವೆ. ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಮೇಲಿನ ಬೋಲ್ಟೂ ಜೊತೆಗೇ ಸುತ್ತುತ್ತದೆ. ಬಂದ ಪ್ಲಂಬರ್ ಒಬ್ಬರು ನೋಡಿ, ಕಮೋಡೇ ಬದಲಾಯಿಸಿ ಅಂದರು. ಒಂದು ಬೋಲ್ಟಿಗೋಸ್ಕರ ಟೈಲ್ಸ್ ಒಡೆಸಬೇಕಾ? ಗೊತ್ತಿರುವವರು ಹೇಳಿ.

ರಾಘು77

ಟಾಯ್ಲೆಟ್ ತೊಳೆಯುವ ಆಸಿಡ್ ಇರುತ್ತಲ್ಲ, ಅದನ್ನೇ ಬೋಲ್ಟಿನ ಮೇಲೆ ಸುರಿದು ಒಂದು ರಾತ್ರಿ ಬಿಡಿ. ತುಕ್ಕು ಕರಗಿ ಬೆಳಗ್ಗೆ ಕೈಯಲ್ಲೇ ಬರುತ್ತದೆ. ಬರಲಿಲ್ಲ ಅಂದರೆ ಗ್ಯಾಸ್ ಲೈಟರಿನಲ್ಲಿ ನಟ್ಟನ್ನು ಚೆನ್ನಾಗಿ ಕಾಯಿಸಿ. ಗ್ಯಾರೇಜಿನಲ್ಲಿ ಹಾಗೇ ಮಾಡುತ್ತಾರೆ.

ಮಲೆನಾಡಿಗ

ಕಾಯಿಸಬೇಡಿ!! ಪಿಂಗಾಣಿ ಸೀಳುತ್ತದೆ.

ನಾಗರತ್ನ_ಮೈಸೂರು

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಲ್ಲಿ ತಿರುಗಿಸಿದರೆ ಸುಮ್ನೆ ಸುತ್ತುತ್ತಿತ್ತು, ನೀರು ನಿಲ್ಲುತ್ತಿರಲಿಲ್ಲ. ಒಳಗಿನ ವಾಶರ್ ಹಾಕಿಸಿದ ಮೇಲೆ ಸರಿಯಾಯಿತು. ಮೊದಲು ವಾಶರ್ ನೋಡಿಸಿ ಸುಮಾ ಅವರೇ.

ಸುಮಾ_ದಾವಣಗೆರೆ

ನಾಗರತ್ನ ಮೇಡಂ, ನಲ್ಲಿ ಅಲ್ಲ, ಕೂರುವ ಸೀಟಿನ ಹಿಂದೆ ಎರಡು ಬೋಲ್ಟು ಇರುತ್ತವಲ್ಲ, ಅದು.

ಹುಬ್ಬಳ್ಳಿ_ಫಿಟ್ಟರ್

ಅಕ್ಕಾರೆ, ಕಮೋಡ್ ಬದಲಾಯಿಸಬೇಕಾಗಿಲ್ಲ. ನಾನು ಸ್ಯಾನಿಟರಿ ಫಿಟ್ಟಿಂಗ್ ಕೆಲಸ ಮಾಡುವವನು, ಈ ಬೋಲ್ಟು ನಮಗೆ ದಿನಾ ಸಿಗುತ್ತದೆ. ಮುಂದೆ ಹೋಗುವ ಮೊದಲು ಮೂರು ವಿಷಯ ಹೇಳಿ.

ಒಂದು, ಸೀಟಿನ ಹಿಂಜಿನ ಮೇಲೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಅದನ್ನು ಚಾಕುವಿನಿಂದ ಎಬ್ಬಿಸಿ ನೋಡಿ. ಒಳಗೆ ಬೋಲ್ಟಿನ ತಲೆಯಲ್ಲಿ ಸ್ಕ್ರೂಡ್ರೈವರ್ ಕೂರುವ ಗೀಟು ಇದೆಯಾ? ಎರಡು, ಕೆಳಗಿನ ನಟ್ಟನ್ನು ಮೊಳೆಯಿಂದ ಕೆರೆದರೆ ಉದುರುವುದು ಕಂದು ಪುಡಿಯಾ, ಬಿಳಿ ಹೊಪ್ಪಳಿಕೆಯಾ? ಮೂರು, ಹೆಲ್ತ್ ಫಾಸೆಟ್ ಬಲಗಡೆ ಇದೆಯಾ?

ಆಸಿಡ್ ಹಾಕಬೇಡಿ. ಈ ಬೋಲ್ಟು ಹಾಳಾಗಿರುವುದೇ ಬಹುಶಃ ಅದರಿಂದ. ಟಾಯ್ಲೆಟ್ ಕ್ಲೀನರಿನಲ್ಲಿರುವ ಆಸಿಡ್ಡಿನ ಹೊಗೆ ಕಬ್ಬಿಣಕ್ಕೆ ತಗಲುತ್ತಲೇ ಇರುತ್ತದೆ. ಒಂದು ರಾತ್ರಿಯಲ್ಲಿ ಥ್ರೆಡ್ಡಿನ ಒಳಗಿನ ತುಕ್ಕಿನವರೆಗೆ ಅದು ಇಳಿಯುವುದಿಲ್ಲ. ಹೊರಗೆ ಮಾತ್ರ ತಿಂದು, ಹಿಡಿಯಲು ಇರುವ ಅಷ್ಟಿಷ್ಟು ನಟ್ಟೂ ಹೋಗುತ್ತದೆ. ಇನ್ನು ಆಸಿಡ್ ಹಾಕಿದ ಜಾಗಕ್ಕೆ ಯಾರಾದರೂ ಬ್ಲೀಚಿಂಗ್ ಪೌಡರ್ ಹಾಕಿದರೆ ವಿಷದ ಗಾಳಿ ಏಳುತ್ತದೆ. ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ರಾಘು77

ಸರ್, ಆಸಿಡ್ಡಿನಿಂದ ತುಕ್ಕು ಕರಗುವುದು ನಿಜ ತಾನೇ? ನಾನು ಹಳೇ ಕೀಲಿಯನ್ನು ಹಾಗೇ ಬಿಡಿಸಿದ್ದೇನೆ.

ಹುಬ್ಬಳ್ಳಿ_ಫಿಟ್ಟರ್

ಕರಗುತ್ತದೆ ರೀ, ಸುಳ್ಳಲ್ಲ. ಕೀಲಿಯನ್ನು ನೀವು ಬಟ್ಟಲಲ್ಲಿ ಮುಳುಗಿಸಿ ಇಟ್ಟಿರಬೇಕು. ಇದು ತಲೆಕೆಳಗಾಗಿ ನೇತಾಡುವ ನಟ್ಟು. ಅದರ ಮೇಲೆ ಆಸಿಡ್ ನಿಲ್ಲುವುದಿಲ್ಲ, ಹರಿದು ನೆಲಕ್ಕೆ ಬೀಳುತ್ತದೆ. ಟೈಲ್ಸಿನ ಸಂದಿನ ಸಿಮೆಂಟನ್ನೂ ತಿನ್ನುತ್ತದೆ.

ಲೇತ್‌ವರ್ಕ್ಸ್_ಪೀಣ್ಯ

ಕಾಯಿಸುವ ವಿಷಯಕ್ಕೆ ಒಂದು ಮಾತು. ಗ್ಯಾರೇಜಿನಲ್ಲಿ ಕಾಯಿಸುವುದು ಸರಿ. ಅಲ್ಲಿ ನಟ್ಟು ಹಿಗ್ಗಿ ತುಕ್ಕಿನ ಹಿಡಿತ ಬಿಡುತ್ತದೆ, ಸುತ್ತ ಇರುವುದೆಲ್ಲ ಕಬ್ಬಿಣ. ಇಲ್ಲಿ ನಟ್ಟು ಪಿಂಗಾಣಿಗೆ ಅಂಟಿಕೊಂಡಿದೆ. ಪಿಂಗಾಣಿಯ ಒಂದೇ ಜಾಗ ಬಿಸಿಯಾಗಿ ಉಳಿದದ್ದು ತಣ್ಣಗಿದ್ದರೆ ಬಿರುಕು ಬಿಡುತ್ತದೆ. ಎಣ್ಣೆ ಸ್ಪ್ರೇ ಹೊಡೆದ ಮೇಲೆ ಬೆಂಕಿ ಹಿಡಿದರಂತೂ ಸ್ಪ್ರೇಗೇ ಬೆಂಕಿ ಹತ್ತುತ್ತದೆ.

ಸುಮಾ ಅವರೇ, ಇನ್ನೊಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಟ್ಟನ್ನು ಯಾವ ಕಡೆಗೆ ತಿರುಗಿಸುತ್ತಿದ್ದೀರಿ? ನಟ್ಟು ಕೆಳಗಿದೆ. ನೆಲದ ಮೇಲೆ ಮಲಗಿ ಕೆಳಗಿನಿಂದ ನೋಡಿದರೆ ಗಡಿಯಾರದ ಎದುರು ದಿಕ್ಕಿಗೆ ತಿರುಗಿಸಬೇಕು. ಮೇಲೆ ಬಗ್ಗಿ ನಿಂತು ಕೈ ಕೆಳಗೆ ಹಾಕಿದ್ದರೆ, ನಿಮ್ಮ ಕಣ್ಣಿಗೆ ಅದೇ ತಿರುಗು ಗಡಿಯಾರದ ದಿಕ್ಕಿನಲ್ಲಿ ಕಾಣುತ್ತದೆ. ಬಹಳ ಜನ ಇಲ್ಲಿ ಗಲಿಬಿಲಿಯಾಗಿ ಇನ್ನೂ ಬಿಗಿ ಮಾಡಿಬಿಡುತ್ತಾರೆ.

ಕೋಲಾರ_ಬೋರ್‌ವೆಲ್

ಬಿಳಿ ಹೊಪ್ಪಳಿಕೆ ಅಂತ ಫಿಟ್ಟರ್ ಕೇಳಿದ್ದು ಬಹಳ ಮುಖ್ಯ. ನಮ್ಮ ಕಡೆ ಗಡಸು ನೀರು. ನಟ್ಟು ಜಾಮ್ ಆಗುವುದು ಅರ್ಧಕ್ಕರ್ಧ ಸುಣ್ಣದಿಂದ, ತುಕ್ಕಿನಿಂದ ಅಲ್ಲ. ಸುಣ್ಣದೊಳಗೆ ಯಾವ ಎಣ್ಣೆಯೂ ಇಳಿಯುವುದಿಲ್ಲ. ನಾವು ಹಳೇ ಬಟ್ಟೆಯನ್ನು ವಿನೆಗರಿನಲ್ಲಿ ನೆನೆಸಿ ನಟ್ಟಿಗೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ ರಾತ್ರಿಯಿಡೀ ಬಿಡುತ್ತೇವೆ. ಸುಣ್ಣವೋ ಅಲ್ಲವೋ ತಿಳಿಯಬೇಕಾದರೆ ಒಂದು ಹನಿ ನಿಂಬೆರಸ ಹಾಕಿ. ಸಣ್ಣಗೆ ಗುಳ್ಳೆ ಎದ್ದರೆ ಸುಣ್ಣ.

ಸುಮಾ_ದಾವಣಗೆರೆ

ಎಲ್ಲ ನೋಡಿದೆ. ಮುಚ್ಚಳ ಎಬ್ಬಿಸಿದರೆ ಒಳಗೆ ನುಣುಪಾದ ಗುಂಡು ತಲೆ, ಗೀಟು ಇಲ್ಲ. ನಟ್ಟಿನ ಮೇಲೆ ಬಿಳಿ ಪದರ ಇದೆ, ನಿಂಬೆರಸಕ್ಕೆ ಗುಳ್ಳೆ ಬಂತು. ಬಿಳಿ ಕೆರೆದರೆ ಅದರ ಒಳಗೆ ಕಂದು. ಹೌದು, ಹೆಲ್ತ್ ಫಾಸೆಟ್ ಬಲಗಡೆಯೇ ಇದೆ, ಅದರ ತುದಿ ಯಾವಾಗಲೂ ತೊಟ್ಟಿಕ್ಕುತ್ತದೆ. ದಿಕ್ಕು ಸರಿಯಾಗಿಯೇ ಇದೆ, ಎಡಗಡೆಯದು ಅದೇ ದಿಕ್ಕಿಗೆ ಬಂತಲ್ಲ.

ಹುಬ್ಬಳ್ಳಿ_ಫಿಟ್ಟರ್

ಅಲ್ಲಿಗೆ ವಿಷಯ ತಿಳಿಯಿತು. ಎಡಗಡೆ ಬೋಲ್ಟು ಒಣಗಿತ್ತು, ಬಂತು. ಬಲಗಡೆಯದರ ಮೇಲೆ ಫಾಸೆಟ್ ನೀರು ಬಿದ್ದು ಬಿದ್ದು ಹೊರಗೆ ಸುಣ್ಣ ಕಟ್ಟಿದೆ, ಒಳಗೆ ತುಕ್ಕು ಹಿಡಿದಿದೆ. ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ, ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ. ನಟ್ಟಿನ ಥ್ರೆಡ್ಡಿನಲ್ಲಿ ಜಾಗವೇ ಇಲ್ಲ, ಹಾಗಾಗಿ ಬಿಗಿದುಕೊಂಡು ಕೂತಿದೆ.

ಮೊದಲು ವಿನೆಗರ್ ಬಟ್ಟೆ ಸುತ್ತಿ ಸುಣ್ಣ ಬಿಡಿಸಿ. ಆಮೇಲೆ ತೊಳೆದು ಚೆನ್ನಾಗಿ ಒಣಗಿಸಿ. ಒದ್ದೆ ಇದ್ದರೆ ಎಣ್ಣೆ ಒಳಗೆ ಹೋಗುವುದಿಲ್ಲ. ಒಣಗಿದ ಮೇಲೆ ನಟ್ಟಿನ ಕೆಳಗಡೆ, ಬೋಲ್ಟು ಹೊರಗೆ ಬಂದಿರುವ ಕಡೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಮೇಲಿನಿಂದ ತಲೆಗೆ ಹೊಡೆದರೆ ನಟ್ಟಿನ ತನಕ ಇಳಿಯುವುದು ಕಷ್ಟ, ನಡುವೆ ವಾಶರ್ ಇರುತ್ತದೆ. ಸಂಜೆ ಒಮ್ಮೆ, ಮಲಗುವ ಮೊದಲು ಒಮ್ಮೆ ಹೊಡೆದು ಬಿಡಿ. ಈ ಕೆಲಸ ಎಣ್ಣೆಯ ಜಾತಿಗಿಂತ ಎಷ್ಟು ಹೊತ್ತು ಬಿಟ್ಟಿರಿ ಎನ್ನುವುದರ ಮೇಲೆ ನಿಂತಿದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬೋಲ್ಟು ಜೊತೆಗೇ ಸುತ್ತುತ್ತಿದೆ, ತಲೆಯಲ್ಲಿ ಹಿಡಿಯಲು ಗೀಟು ಇಲ್ಲ. ಹಾಗಾಗಿ ಎಣ್ಣೆಯಿಂದಲೇ ಬರುತ್ತದೆ ಅಂತ ನನಗೆ ನಂಬಿಕೆ ಕಮ್ಮಿ. ಬರದಿದ್ದರೆ ಕೊಯ್ಯಬೇಕು. ಅದಕ್ಕೆ ಹೆದರಬೇಡಿ.

ಮಲೆನಾಡಿಗ

ಸ್ಪ್ರೇ ಇಲ್ಲದಿದ್ದರೆ ಸೀಮೆಎಣ್ಣೆ ನಡೆಯುತ್ತದಾ? ನಮ್ಮಲ್ಲಿ ಪಂಪ್‌ಸೆಟ್ ನಟ್ಟಿಗೆ ಡೀಸೆಲ್ ಹಾಕುತ್ತೇವೆ.

ಲೇತ್‌ವರ್ಕ್ಸ್_ಪೀಣ್ಯ

ಎರಡೂ ನಡೆಯುತ್ತವೆ, ತೆಳ್ಳಗಿರುವುದರಿಂದ ಸಂದಿಗೆ ಇಳಿಯುತ್ತವೆ. ಕೊಬ್ಬರಿ ಎಣ್ಣೆ, ಗ್ರೀಸ್ ಇಳಿಯುವುದಿಲ್ಲ. ಕೆಲವರು ಗೇರ್ ಆಯಿಲ್ಲಿಗೆ ಅಸಿಟೋನ್ ಬೆರೆಸುತ್ತಾರೆ. ಅಸಿಟೋನ್ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಬಚ್ಚಲಲ್ಲಿ ಅದು ಬೇಡ.

ಹುಬ್ಬಳ್ಳಿ_ಫಿಟ್ಟರ್

ಗೇರ್ ಆಯಿಲ್ ಅಲ್ಲ ಸರ್, ನಾನು ಕೇಳಿರುವುದು ಪವರ್ ಸ್ಟೇರಿಂಗ್ ಎಣ್ಣೆ.

ಲೇತ್‌ವರ್ಕ್ಸ್_ಪೀಣ್ಯ

ಆಟೋಮ್ಯಾಟಿಕ್ ಗಾಡಿಯ ಗೇರಿಗೆ ಹಾಕುವ ತೆಳು ಎಣ್ಣೆ. ಎಷ್ಟೋ ಗಾಡಿಗಳಲ್ಲಿ ಪವರ್ ಸ್ಟೇರಿಂಗಿಗೂ ಅದನ್ನೇ ಹಾಕುತ್ತಾರೆ. ಇಬ್ಬರೂ ಒಂದನ್ನೇ ಹೇಳುತ್ತಿದ್ದೇವೆ. 🙂

ಲೀಡ್ಸ್_ಕನ್ನಡಿಗ

ಇಲ್ಲಿ ಇಂಗ್ಲೆಂಡಿನಲ್ಲೂ ಹಳೇ ಮನೆಗಳಲ್ಲಿ ಇದೇ ಗೋಳು. ಜನ ಎಣ್ಣೆ ಹಾಕುತ್ತಾ ಕೂರುವುದಿಲ್ಲ, ಸಣ್ಣ ಗರಗಸ ತಗೊಂಡು ಹಿಂಜ್ ಮತ್ತು ಪಿಂಗಾಣಿಯ ನಡುವೆ ಬೋಲ್ಟನ್ನೇ ಕೊಯ್ದುಬಿಡುತ್ತಾರೆ. ಹಳೇ ಸೀಟ್ ಹೇಗೂ ಎಸೆಯುವುದೇ, ಅಲ್ವಾ? ನನ್ನ ಮಾತು ಕೇಳಿದರೆ ನೇರ ಅದಕ್ಕೇ ಹೋಗಿ.

ಹುಬ್ಬಳ್ಳಿ_ಫಿಟ್ಟರ್

ಸೀಟ್ ಎಸೆಯುವುದಾದರೆ ಸರಿ. ಆದರೆ ಹಿಂಜ್ ಪಿಂಗಾಣಿಗೆ ಒತ್ತಿ ಕೂತಿದ್ದರೆ ನಡುವೆ ಬ್ಲೇಡ್ ಹೋಗಲು ಜಾಗ ಇರುವುದಿಲ್ಲ. ಎಣ್ಣೆಗೆ ಒಂದು ರಾತ್ರಿ ಕೊಟ್ಟರೆ ನಷ್ಟವೇನು?

ಸುಮಾ_ದಾವಣಗೆರೆ

ವಿನೆಗರ್ ಆಯಿತು, ಎಣ್ಣೆಯೂ ಆಯಿತು. ಸುಣ್ಣ ಪೂರ್ತಿ ಹೋಗಿ ನಟ್ಟು ಈಗ ಸ್ಪಷ್ಟವಾಗಿ ಕಾಣುತ್ತದೆ. ತಮ್ಮ ಮೇಲಿನಿಂದ ಸೀಟನ್ನು ಎಳೆದು ಹಿಡಿದುಕೊಂಡ, ನಾನು ಕೆಳಗಿನಿಂದ ತಿರುಗಿಸಿದೆ. ಕಾಲು ಸುತ್ತು ಬಂದಂತಾಯಿತು, ಮತ್ತೆ ಬೋಲ್ಟು ಜೊತೆಗೇ ಸುತ್ತಲು ಶುರು. ಕೊಯ್ಯುವುದೇ ಸರಿ ಅನಿಸುತ್ತದೆ. ತಮ್ಮ ಉಳಿ ಇಟ್ಟು ಒಂದೇ ಏಟಿಗೆ ತೆಗೆಯುತ್ತೇನೆ ಅನ್ನುತ್ತಿದ್ದಾನೆ, ನಾನು ಬಿಟ್ಟಿಲ್ಲ.

ಮಲೆನಾಡಿಗ

ಬಿಡಲೇಬೇಡಿ ಅಕ್ಕಾ.

ಹುಬ್ಬಳ್ಳಿ_ಫಿಟ್ಟರ್

ಸುತ್ತಿಗೆ, ಉಳಿ ಎರಡನ್ನೂ ಬಚ್ಚಲಿನಿಂದ ಹೊರಗಿಡಿ. ಏಟಿನ ಪೆಟ್ಟು ಬೋಲ್ಟಿನಿಂದ ನೇರ ಪಿಂಗಾಣಿಯ ತೂತಿಗೆ ಹೋಗುತ್ತದೆ. ಆ ತೂತಿನ ಸುತ್ತ ಪಿಂಗಾಣಿ ತೆಳ್ಳಗಿರುತ್ತದೆ. ಬಿರುಕು ಬಿಟ್ಟರೆ ಆಗ ನಿಜವಾಗಲೂ ಕಮೋಡ್ ಬದಲಾಯಿಸಬೇಕಾಗುತ್ತದೆ.

ಕೊಯ್ಯುವ ರೀತಿ ಹೇಳುತ್ತೇನೆ. ಮೊದಲು ಕಮೋಡಿನೊಳಗೆ ದಪ್ಪ ಬಟ್ಟೆ ತುರುಕಿ, ತುಂಡು ಬಿದ್ದು ಒಳಗೆ ಹೋಗಬಾರದು. ಅದನ್ನು ಕೊನೆಯಲ್ಲಿ ತೆಗೆಯುವುದು ಮರೆಯಬೇಡಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಹಿಂಜಿನ ಪ್ಲಾಸ್ಟಿಕ್ಕನ್ನು ಇಕ್ಕಳದಲ್ಲಿ ಚೂರು ಚೂರೇ ಮುರಿದು ತೆಗೆಯಿರಿ. ಆಗ ಬೋಲ್ಟಿನ ಕತ್ತು ಬರಿದಾಗಿ ಕಾಣುತ್ತದೆ, ಬ್ಲೇಡಿಗೆ ಜಾಗ ಸಿಗುತ್ತದೆ.

ಪಿಂಗಾಣಿಯ ಮೇಲೆ ಬೋಲ್ಟಿನ ಸುತ್ತ ಹಳೇ ಎಕ್ಸ್‌ರೇ ಫಿಲ್ಮ್ ಹಾಸಿ. ಮನೆಯಲ್ಲಿ ಅಮ್ಮನ ಮಂಡಿಯದು ಇರಬೇಕಲ್ಲ, ಡಾಕ್ಟರಿಗೆ ಬೇಕಾಗುವುದನ್ನು ಬಿಟ್ಟು ಬೇರೆ ಯಾವುದಾದರೂ ತಗೊಳ್ಳಿ. ಅದು ತೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಹ್ಯಾಕ್ಸಾ ಫ್ರೇಮ್ ಅಲ್ಲಿ ಹಿಡಿಸುವುದಿಲ್ಲ. ಬರೀ ಬ್ಲೇಡ್ ತಗೊಂಡು ಒಂದು ತುದಿಗೆ ದಪ್ಪಗೆ ಬಟ್ಟೆ, ಟೇಪ್ ಸುತ್ತಿ ಹಿಡಿಯಿರಿ. ಕಬ್ಬಿಣಕ್ಕೆ ಸಣ್ಣ ಹಲ್ಲಿನ ಬ್ಲೇಡ್ ಬೇಕು, ಅಂಗಡಿಯಲ್ಲಿ 24 ಹಲ್ಲಿನದು ಅಂದರೆ ಕೊಡುತ್ತಾರೆ.

ಮುಖ್ಯ ವಿಷಯ, ಬೋಲ್ಟು ಸುತ್ತಬಾರದು. ತಮ್ಮನಿಗೆ ಕೆಳಗಿನ ನಟ್ಟನ್ನು ಪೈಪ್ ಹಿಡಿಯುವ ದೊಡ್ಡ ಇಕ್ಕಳದಲ್ಲಿ ಹಿಡಿದುಕೊಳ್ಳಲು ಹೇಳಿ. ಈಗ ನಟ್ಟು ಬೋಲ್ಟು ಒಂದೇ ಆಗಿರುವುದು ನಿಮಗೆ ಅನುಕೂಲವೇ, ನಟ್ಟು ಹಿಡಿದರೆ ಬೋಲ್ಟು ನಿಲ್ಲುತ್ತದೆ. ಬ್ಲೇಡನ್ನು ಮಟ್ಟಸವಾಗಿ ಇಟ್ಟು ನಿಧಾನಕ್ಕೆ ಎಳೆಯಿರಿ, ಒತ್ತಬೇಡಿ. ಮುಕ್ಕಾಲು ಕೊಯ್ದ ಮೇಲೆ ಇಕ್ಕಳದಿಂದ ಮೆಲ್ಲಗೆ ಅಲ್ಲಾಡಿಸಿ ಮುರಿಯಲು ಹೋಗಬೇಡಿ, ಪೂರ್ತಿ ಕೊಯ್ಯಿರಿ.

ಲೇತ್‌ವರ್ಕ್ಸ್_ಪೀಣ್ಯ

ಡ್ರಿಲ್ ಇದ್ದರೆ ತಲೆಯನ್ನೇ ಕೊರೆದು ಹಾರಿಸಬಹುದು. ಸಣ್ಣ ಬಿಟ್ಟಿನಿಂದ ನಡುವೆ ತೂತು, ಆಮೇಲೆ ಬೋಲ್ಟಿನಷ್ಟೇ ದಪ್ಪದ ಬಿಟ್. ಕೆಳಗೆ ಕೈ ಹೋಗದ ಒನ್‌ಪೀಸ್ ಕಮೋಡಿಗೆ ಅದೇ ದಾರಿ.

ಹುಬ್ಬಳ್ಳಿ_ಫಿಟ್ಟರ್

ಕೈ ಪಳಗಿದವರಿಗೆ ಸರಿ ಸರ್. ಗುಂಡು ತಲೆಯ ಮೇಲೆ ಬಿಟ್ ಜಾರಿದರೆ ಪಕ್ಕದ ಪಿಂಗಾಣಿಯ ಮೇಲೆ ಬೀಳುತ್ತದೆ. ಮನೆಯವರಿಗೆ ನಾನು ಬ್ಲೇಡನ್ನೇ ಹೇಳುತ್ತೇನೆ.

ಲೇತ್‌ವರ್ಕ್ಸ್_ಪೀಣ್ಯ

ಪಂಚ್ ಹಾಕಿಕೊಂಡರೆ ಜಾರುವುದಿಲ್ಲ.

ಹುಬ್ಬಳ್ಳಿ_ಫಿಟ್ಟರ್

ಪಂಚಿಗೆ ಸುತ್ತಿಗೆ ಬೇಕಲ್ಲ ಸರ್. ಅದೇ ಬೇಡ ಅಂದದ್ದು.

ಕುಡ್ಲ_ಬಾಡಿಗೆಮನೆ

ನಡುವೆ ನನ್ನದೊಂದು. ನಮ್ಮದು ಕಮೋಡಿನ ಮೇಲೇ ಕೂತಿರುವ ಪಿಂಗಾಣಿ ಫ್ಲಶ್ ಟ್ಯಾಂಕ್. ಟ್ಯಾಂಕ್ ಮತ್ತು ಕಮೋಡ್ ಸೇರಿಸುವ ಎರಡು ಬೋಲ್ಟುಗಳ ಕೆಳಗೆ ಕಂದು ನೀರು ಇಳಿದ ಗುರುತು ಇದೆ, ಹನಿ ಬೀಳುತ್ತದೆ. ಬಿಗಿ ಮಾಡಿದರೆ ನಿಲ್ಲುತ್ತದಾ? ಮಾಲೀಕರು ಏನೂ ಮಾಡಿಸುವುದಿಲ್ಲ.

ಹುಬ್ಬಳ್ಳಿ_ಫಿಟ್ಟರ್

ಬಿಗಿ ಮಾಡಬೇಡಿ. ಕಂದು ನೀರು ಬರುತ್ತಿದೆ ಅಂದರೆ ಟ್ಯಾಂಕಿನ ಒಳಗೆ ಬೋಲ್ಟಿನ ತಲೆ ತುಕ್ಕು ಹಿಡಿದು ರಬ್ಬರ್ ವಾಶರ್ ಸತ್ತಿದೆ. ಬಿಗಿದರೆ ಬೋಲ್ಟು ತುಂಡಾಗುತ್ತದೆ, ಇಲ್ಲವಾದರೆ ಟ್ಯಾಂಕಿನ ತಳ ಸೀಳುತ್ತದೆ. ಆಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ, ಉಳಿದ ನೀರನ್ನು ಸ್ಪಂಜಿನಲ್ಲಿ ತೆಗೆಯಿರಿ. ಒಳಗಿನ ತಲೆಯನ್ನು ಅಗಲವಾದ ಸ್ಕ್ರೂಡ್ರೈವರಿನಿಂದ ಹಿಡಿದು ಕೆಳಗಿನ ನಟ್ಟು ಬಿಚ್ಚಬೇಕು. ಬಾರದಿದ್ದರೆ ಇಲ್ಲೂ ಬ್ಲೇಡೇ, ಟ್ಯಾಂಕ್ ಮತ್ತು ಕಮೋಡಿನ ನಡುವಿನ ಸಂದಿನಲ್ಲಿ. ಕೊಯ್ಯುವಾಗ ಒಬ್ಬರು ಟ್ಯಾಂಕ್ ಹಿಡಿದಿರಲೇಬೇಕು. ಎರಡನೇ ಬೋಲ್ಟು ತುಂಡಾದ ಕ್ಷಣ ಅದಕ್ಕೆ ಆಧಾರ ಇರುವುದಿಲ್ಲ.

ಬಿಚ್ಚಿದ ಮೇಲೆ ಎರಡು ಬೋಲ್ಟು, ಎಲ್ಲ ರಬ್ಬರ್ ವಾಶರ್, ನಡುವಿನ ದಪ್ಪ ರಬ್ಬರ್, ಎಲ್ಲವನ್ನೂ ಹೊಸದು ಹಾಕಿ. ಹಳೇ ರಬ್ಬರಿಗೆ ಎಣ್ಣೆ ತಗುಲಿದ್ದರೆ ಅದು ಊದಿ ಮೆತ್ತಗಾಗಿರುತ್ತದೆ. ಬಿಗಿ ಮಾಡುವಾಗ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ.

ಕುಡ್ಲ_ಬಾಡಿಗೆಮನೆ

ಆಯ್ತು. ಮಾಲೀಕರಿಗೆ ಹೇಳಿಯೇ ಕೈ ಹಾಕುತ್ತೇನೆ.

ಸುಮಾ_ದಾವಣಗೆರೆ

ಬಂತು!!! ತಮ್ಮ ಕೆಳಗೆ ಹಿಡಿದ, ನಾನು ಕೊಯ್ದೆ. ನಡುವೆ ಬ್ಲೇಡ್ ಬಿಸಿಯಾಗಿ ನಿಲ್ಲಿಸಿದೆವು, ಹಲ್ಲು ಸವೆದು ಹೊಸ ಬ್ಲೇಡ್ ತಗೊಂಡೆವು. ಕೊಯ್ದ ಜಾಗ ನೋಡಿದರೆ ಹೊರಗೆ ಹೊಳೆಯುವ ಪಾಲಿಶ್, ಒಳಗೆಲ್ಲ ಕಬ್ಬಿಣ. ನಟ್ಟು ಬೋಲ್ಟಿನ ತುಂಡು ಸಮೇತ ಕೆಳಗೆ ಬಿತ್ತು, ಪಿಂಗಾಣಿಗೆ ಏನೂ ಆಗಿಲ್ಲ. ಆದರೆ ಫಿಲ್ಮ್ ಜರುಗಿದ ಒಂದು ಕಡೆ ಪೆನ್ಸಿಲಿನಲ್ಲಿ ಗೀಚಿದಂಥ ಬೂದು ಗೆರೆ ಬಿದ್ದಿದೆ. ಗೀರು ಬಿತ್ತಾ?

ಕೋಲಾರ_ಬೋರ್‌ವೆಲ್

ಅಭಿನಂದನೆ!

ಲೇತ್‌ವರ್ಕ್ಸ್_ಪೀಣ್ಯ

ಉಗುರಿನಿಂದ ಆ ಗೆರೆಯ ಮೇಲೆ ಎಳೆದು ನೋಡಿ. ಉಗುರು ಸಿಕ್ಕದಿದ್ದರೆ ಅದು ಗೀರಲ್ಲ, ಬ್ಲೇಡಿನ ಕಬ್ಬಿಣ ಪಿಂಗಾಣಿಗೆ ಮೆತ್ತಿಕೊಂಡಿದೆ. ಅಡುಗೆ ಸೋಡಾವನ್ನು ಪೇಸ್ಟ್ ಮಾಡಿ ಬಟ್ಟೆಯಲ್ಲಿ ಉಜ್ಜಿ. ಪಿಂಗಾಣಿ ಕಬ್ಬಿಣಕ್ಕಿಂತ ಗಟ್ಟಿ.

ಸುಮಾ_ದಾವಣಗೆರೆ

ಉಗುರು ಸಿಕ್ಕಲಿಲ್ಲ. ಉಜ್ಜಿದರೆ ಮಾಸುತ್ತಿದೆ. ಹೊಸ ಸೀಟಿನ ಜೊತೆ ಬಂದಿರುವ ಬೋಲ್ಟು ಪ್ಲಾಸ್ಟಿಕ್ಕಿನದು. ಅದನ್ನೇ ಹಾಕಲಾ? ಅಥವಾ ಗಟ್ಟಿ ಬೋಲ್ಟು ತರಲಾ? ಅಮ್ಮನಿಗೆ ಅಲ್ಲಾಡಬಾರದು, ಅದೇ ಮುಖ್ಯ.

ಹುಬ್ಬಳ್ಳಿ_ಫಿಟ್ಟರ್

ನನ್ನ ಮಾತು ಹಿತ್ತಾಳೆ ಬೋಲ್ಟು. ಕಿಲುಬು ಬರಬಹುದು, ತುಕ್ಕು ಬರುವುದಿಲ್ಲ. ಅಂಗಡಿಗೆ ಹೋಗುವಾಗ ಅಯಸ್ಕಾಂತ ತಗೊಂಡು ಹೋಗಿ. ಅಂಟಿದರೆ ಅದು ಪಾಲಿಶ್ ಹಾಕಿದ ಕಬ್ಬಿಣ, ಬೇಡ. ಪಿಂಗಾಣಿ ತಗಲುವ ಕಡೆಯೆಲ್ಲ ರಬ್ಬರ್ ವಾಶರ್ ಇರಲಿ. ಹೊಸ ಸೀಟ್ ಕೂರಿಸುವ ಮೊದಲು ಎರಡು ತೂತುಗಳ ನಡುವೆ ಅಳೆಯಿರಿ. ಸಾಮಾನ್ಯವಾಗಿ ಆರು ಇಂಚು ಆಸುಪಾಸು ಇರುತ್ತದೆ, ಹಳೇ ಕಮೋಡಿನಲ್ಲಿ ಬೇರೆಯೂ ಇರಬಹುದು.

ಲೇತ್‌ವರ್ಕ್ಸ್_ಪೀಣ್ಯ

ನಾನಾದರೆ ಸ್ಟೀಲ್. ಒಳ್ಳೇ 304 ಸ್ಟೀಲಿಗೂ ಅಯಸ್ಕಾಂತ ಒಂಚೂರು ಎಳೆಯಬಹುದು, ಬಲವಾಗಿ ಅಂಟಿದರೆ ಮಾತ್ರ ಬಿಡಿ. ಆದರೆ ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ಟನ್ನು ಏನೂ ಹಚ್ಚದೆ ಜೋರಾಗಿ ಬಿಗಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಸ್ವಲ್ಪ ಗ್ರೀಸ್ ಹಚ್ಚಿ.

ಲೀಡ್ಸ್_ಕನ್ನಡಿಗ

ಪ್ಲಾಸ್ಟಿಕ್ಕೇ ಹಾಕಿ. ಇಲ್ಲಿ ಎಲ್ಲರೂ ಅದನ್ನೇ ಹಾಕುತ್ತಾರೆ. ತುಕ್ಕಿನ ಮಾತೇ ಇಲ್ಲ, ಮುಂದೆ ಬಿಚ್ಚುವಾಗ ಕೈಯಲ್ಲೇ ಬರುತ್ತದೆ.

ಹುಬ್ಬಳ್ಳಿ_ಫಿಟ್ಟರ್

ಮಂಡಿ ಆಪರೇಷನ್ ಆದವರು ಕೂರುವಾಗ, ಏಳುವಾಗ ಸೀಟಿನ ಒಂದೇ ಬದಿಗೆ ಭಾರ ಬಿಡುತ್ತಾರೆ ರೀ. ಪ್ಲಾಸ್ಟಿಕ್ ಬೋಲ್ಟು ಆಗ ಎಳೆದುಕೊಂಡು ಸಡಿಲವಾಗುತ್ತದೆ. ಹಾಗೆ ಮುರಿದು ಬಂದದ್ದನ್ನು ನಾನು ಬಹಳ ನೋಡಿದ್ದೇನೆ. ಈ ಮನೆಗೆ ಬೇಡ.

ಲೀಡ್ಸ್_ಕನ್ನಡಿಗ

ದಪ್ಪನೆಯ ನೈಲಾನ್ ಬೋಲ್ಟು ಹಾಗೆ ಮುರಿಯುವುದಿಲ್ಲ. ಆಗಾಗ ಬಿಗಿ ಮಾಡಿಕೊಂಡರೆ ಸಾಕು. ನಾನು ಒಪ್ಪುವುದಿಲ್ಲ.

ಸುಮಾ_ದಾವಣಗೆರೆ

ಹಿತ್ತಾಳೆಯದೇ ತಂದೆ, ಅಯಸ್ಕಾಂತ ಅಂಟಲಿಲ್ಲ. ಸೀಟ್ ಈಗ ಗಟ್ಟಿ ಕೂತಿದೆ, ಅಮ್ಮ ಕೂತು ನೋಡಿ ಸರಿ ಇದೆ ಅಂದರು. ತೊಟ್ಟಿಕ್ಕುವ ಹೆಲ್ತ್ ಫಾಸೆಟ್ ವಾಶರ್ ಕೂಡ ಬದಲಾಯಿಸಿದೆವು. ನಾಗರತ್ನ ಮೇಡಂ, ಕೊನೆಗೆ ವಾಶರ್ ನಿಮ್ಮ ಮಾತಿನಂತೆ ಬೇಕಾಯಿತು ನೋಡಿ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನಾಗರತ್ನ_ಮೈಸೂರು

ಸಂತೋಷ ಆಯಿತು ಸುಮಾ. ಅಮ್ಮನಿಗೆ ಹುಷಾರಾಗಿರಲು ಹೇಳಿ, ಪಕ್ಕದ ಗೋಡೆಗೆ ಒಂದು ಹಿಡಿ ಹಾಕಿಸಿ.

ಮಲೆನಾಡಿಗ

ನಮ್ಮನೆ ಒನ್‌ಪೀಸ್ ಕಮೋಡಿನ ಬೋಲ್ಟು ಮೇಲಿನಿಂದ ಬಿಚ್ಚುವಂಥದ್ದು. ಒಳಗೆ ರಬ್ಬರ್ ಊದಿ ಹಿಡಿದುಕೊಳ್ಳುತ್ತದೆ. ಈಗ ಸ್ಕ್ರೂ ಎಷ್ಟು ತಿರುಗಿಸಿದರೂ ರಬ್ಬರ್ ಸಮೇತ ಸುತ್ತುತ್ತದೆ. ಅದಕ್ಕೂ ಬ್ಲೇಡಾ?

ಹುಬ್ಬಳ್ಳಿ_ಫಿಟ್ಟರ್

ಸೀಟ್ ಉಳಿಸಿಕೊಳ್ಳಬೇಕಾ, ಎಸೆಯುವುದಾ? ಮೊದಲು ಅದು ಹೇಳಿ. ಉಳಿಸಿಕೊಳ್ಳುವುದಾದರೆ ಹಿಂಜನ್ನು ಮೇಲಕ್ಕೆ ಎಳೆದು ಹಿಡಿದುಕೊಂಡು ಸ್ಕ್ರೂ ತಿರುಗಿಸಿ ನೋಡಿ. ಎಳೆದಾಗ ರಬ್ಬರ್ ತೂತಿನ ಕೆಳಗಡೆಗೆ ಒತ್ತಿಕೊಂಡು ನಿಲ್ಲಬೇಕು. ನಿಲ್ಲದಿದ್ದರೆ ಫೋಟೋ ಹಾಕಿ, ನೋಡೋಣ.